ಹತ್ತು ಸ್ಟ್ರಿಂಗ್ ಹಾಕಿ ನೋಡಿದವರಿಗೆ

“ಸರ್, ಎರಡು ಡಿಎಫ್‌ಎ ಒಂದೇ ಅಂತ ಹೇಳೋಕೆ ಒಂದು ಹತ್ತು ಸ್ಟ್ರಿಂಗ್ ಹಾಕಿ ನೋಡಿದ್ರೆ ಸಾಕಲ್ವಾ?”

ಸಾಲದು. ಇಪ್ಪತ್ತು ಹಾಕಿದರೂ ಸಾಲದು, ನೂರು ಹಾಕಿದರೂ ಸಾಲದು. ಡಿಎಫ್‌ಎ ಅಂದರೆ ಸ್ಟ್ರಿಂಗ್ ಅನ್ನುವ ಅಕ್ಷರಗಳ ಸಾಲನ್ನು ಒಂದೊಂದೇ ಅಕ್ಷರವಾಗಿ ಓದುತ್ತಾ ಸ್ಟೇಟ್‌ನಿಂದ ಸ್ಟೇಟ್‌ಗೆ ಹೋಗುವ ಯಂತ್ರ. ಕೊನೆಗೆ ಫೈನಲ್ ಸ್ಟೇಟ್‌ನಲ್ಲಿ ನಿಂತರೆ ಸ್ಟ್ರಿಂಗ್ ಒಪ್ಪಿತು, ಇಲ್ಲದಿದ್ದರೆ ಇಲ್ಲ. ಎರಡೂ ಒಪ್ಪುವ ಸ್ಟ್ರಿಂಗ್‌ಗಳು ಅವೇ ಆಗಿದ್ದರೆ ಎರಡು ಡಿಎಫ್‌ಎ ಒಂದೇ.

ರಾಯಚೂರಿನಲ್ಲಿ ಪಾಠ ಶುರು ಮಾಡಿದಾಗಿನಿಂದ ಪ್ರತಿ ಸೆಮಿಸ್ಟರ್‌ನಲ್ಲೂ ಇದನ್ನು ಯಾರಾದರೂ ಕೇಳುತ್ತಾರೆ. ಕಾರಿಡಾರ್‌ನಲ್ಲಿ, ಬಸ್ ಸ್ಟ್ಯಾಂಡ್‌ನಲ್ಲಿ, ಒಗ್ಗರಣೆ ಮಿರ್ಚಿ ತಿನ್ನುವಾಗ. ಬೇಜಾರಾಗುವುದು ಪ್ರಶ್ನೆಗಲ್ಲ, ಆ “ಸಾಕಲ್ವಾ” ಅನ್ನುವ ಮಾತಿಗೆ. ಕೇಳುವವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ನಾನು ಹ್ಞೂಂ ಅನ್ನುವುದೊಂದೇ ಬಾಕಿ.

ಒಂದು ಸಲ ನಡೆದದ್ದನ್ನು ಹೇಳುತ್ತೇನೆ. ಕ್ಲಾಸ್ ಟೆಸ್ಟ್‌ನಲ್ಲಿ ಒಂದು ಸುಲಭದ ಲೆಕ್ಕ ಕೊಟ್ಟಿದ್ದೆ. ಅಕ್ಷರ ಎರಡೇ, a ಮತ್ತು b. ಸ್ಟ್ರಿಂಗ್‌ನಲ್ಲಿ ಎಷ್ಟು a ಇವೆಯೋ ಆ ಸಂಖ್ಯೆ 3ರಿಂದ ಭಾಗವಾಗಬೇಕು, b ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ನನ್ನ ಉತ್ತರದಲ್ಲಿ ಮೂರು ಸ್ಟೇಟ್ ಇದ್ದವು: p0, p1, p2. a ಬಂದರೆ ಮುಂದಿನದಕ್ಕೆ ಹೋಗು, p2 ಆದ ಮೇಲೆ ಮತ್ತೆ p0. b ಬಂದರೆ ಇದ್ದಲ್ಲೇ ಇರು. ಶುರುವಾಗುವುದು p0ಯಿಂದ, ಫೈನಲ್ ಸ್ಟೇಟ್ ಕೂಡ p0.

ಒಬ್ಬ ಹುಡುಗಿ ಆರು ಸ್ಟೇಟ್ ಬರೆದಿದ್ದಳು, q0ಯಿಂದ q5ವರೆಗೆ. a ಬಂದರೆ ಆರನ್ನೂ ಸುತ್ತುತ್ತದೆ, q0 ಮತ್ತು q3 ಫೈನಲ್. ನನ್ನ ಉತ್ತರದಲ್ಲಿ ಮೂರು, ಇವಳದರಲ್ಲಿ ಆರು ಅಂತ ನೋಡಿ ಸೊನ್ನೆ ಹಾಕಿದೆ. ಅವಳು ಪೇಪರ್ ಹಿಡಿದುಕೊಂಡು ಬಂದಳು. “ಸರ್, ಹತ್ತು ಸ್ಟ್ರಿಂಗ್ ಹಾಕಿ ನೋಡೀನಿ, ಎರಡೂ ಒಂದೇ ಬರ್ತಾವ. ತಪ್ಪು ಎಲ್ಲೈತಿ ತೋರಿಸ್ರಿ” ಅಂದಳು. ನಾನೂ ಅಲ್ಲೇ ನಿಂತು ಏಳೆಂಟು ಹಾಕಿ ನೋಡಿದೆ. ಎಲ್ಲವೂ ಸರಿ ಬಂದವು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ನಾನು ಸೊನ್ನೆ ಹಾಕಿದ ಕಾರಣವೇ ತಪ್ಪು. ಆರು ಸ್ಟೇಟ್ ಇದ್ದ ಮಾತ್ರಕ್ಕೆ ಉತ್ತರ ಬೇರೆಯಾಗುವುದಿಲ್ಲ. ಎರಡು ಸುತ್ತಿಗೆ ಆರಾದರೂ ಮೂರರ ಲೆಕ್ಕ ಮೂರರದೇ. ಆದರೆ ಅವಳ ಚಿತ್ರದಲ್ಲಿ ಒಂದು ಬಾಣ ಜಾರಿತ್ತು. q5ನಲ್ಲಿ b ಬಂದರೆ ಅಲ್ಲೇ ಇರಬೇಕಿತ್ತು, ಅದು q4ಗೆ ಹೋಗುತ್ತಿತ್ತು. ಕಣ್ಣಿಗೆ ಬೀಳದಷ್ಟು ಚಿಕ್ಕ ಬಾಣ.

ಸಂಜೆ ಮನೆಯಲ್ಲಿ ಕೂತು ಜೋಡಿ ಹಾಕಿದೆ. ಕೆಲಸ ಇಷ್ಟೇ. ಎರಡೂ ಯಂತ್ರಗಳನ್ನು ಒಟ್ಟಿಗೆ ಓಡಿಸಬೇಕು. ಎರಡಕ್ಕೂ ಅದೇ ಅಕ್ಷರ ಕೊಡುತ್ತಾ, ಇದು ಎಲ್ಲಿದೆ, ಅದು ಎಲ್ಲಿದೆ ಅಂತ ಜೋಡಿಯಾಗಿ ಬರೆದುಕೊಳ್ಳಬೇಕು. ಜೋಡಿಯಲ್ಲಿ ಒಂದು ಫೈನಲ್, ಇನ್ನೊಂದು ಅಲ್ಲ ಅಂತಾದರೆ ಕಥೆ ಮುಗಿಯಿತು, ಎರಡೂ ಬೇರೆ. ಹೊಸ ಜೋಡಿ ಹುಟ್ಟುವುದು ನಿಂತುಹೋಗಿ, ಅಂಥದ್ದು ಒಂದೂ ಸಿಗದಿದ್ದರೆ ಎರಡೂ ಒಂದೇ.

```
(p0,q0) -a-> (p1,q1) -a-> (p2,q2) -a-> (p0,q3)
(p0,q3) -a-> (p1,q4) -a-> (p2,q5)
(p2,q5) -b-> (p2,q4) -a-> (p0,q5)
```

ಕೊನೆಯ ಜೋಡಿ ನೋಡಿ. p0 ಫೈನಲ್, q5 ಅಲ್ಲ. ದಾರಿಯ ಅಕ್ಷರಗಳನ್ನು ಕೂಡಿಸಿ ಓದಿದರೆ aaaaaba. a ಆರು ಇವೆ, ಒಪ್ಪಿಕೊಳ್ಳಬೇಕು. ಅವಳ ಯಂತ್ರ ಒಪ್ಪುವುದಿಲ್ಲ. ಮರುದಿನ ಆ ಏಳು ಅಕ್ಷರ ತೋರಿಸಿದೆ, ಅವಳೇ ಬೆರಳಿಟ್ಟು ಬಾಣದ ಹಿಂದೆ ಹೋಗಿ q5ನಲ್ಲಿ ನಿಂತಳು. ಸೊನ್ನೆ ಅಳಿಸಿ, ಒಂದೇ ಅಂಕ ಕಳೆದು ಉಳಿದದ್ದು ಕೊಟ್ಟೆ.

ಈಗ ಹತ್ತು ಸ್ಟ್ರಿಂಗ್‌ಗೆ ಬರೋಣ. ಖಾಲಿ ಸ್ಟ್ರಿಂಗ್‌ನಿಂದ ಹಿಡಿದು ಏಳು ಅಕ್ಷರದವರೆಗೆ ಒಟ್ಟು 255 ಸ್ಟ್ರಿಂಗ್‌ಗಳಿವೆ. ಅಷ್ಟರಲ್ಲಿ ಈ ಎರಡು ಯಂತ್ರ ಜಗಳ ಆಡುವುದು ಇದೊಂದೇ ಸ್ಟ್ರಿಂಗ್‌ನಲ್ಲಿ. ಆರು ಅಕ್ಷರದವರೆಗಿನ 127ರಲ್ಲಿ ಒಂದೂ ಇಲ್ಲ. ಹತ್ತು ಆರಿಸಿದವರ ಕೈಗೆ ಅದು ಸಿಗುತ್ತಾ?

ಹಾಗಂತ ಹಾಕಿ ನೋಡುವುದಕ್ಕೆ ಕೊನೆಯೇ ಇಲ್ಲ ಅಂತಲ್ಲ. ಎರಡೂ ಯಂತ್ರಗಳ ಸ್ಟೇಟ್ ಸೇರಿಸಿ N ಇದ್ದರೆ, ವ್ಯತ್ಯಾಸ ಅನ್ನುವುದು ಇದ್ದಲ್ಲಿ N-2 ಅಕ್ಷರದೊಳಗೆ ಸಿಕ್ಕೇ ಸಿಗುತ್ತದೆ. ಮೊದಲು ಸ್ಟೇಟ್‌ಗಳು ಫೈನಲ್, ಫೈನಲ್ ಅಲ್ಲದ್ದು ಅಂತ ಎರಡು ಗುಂಪು. ಅಕ್ಷರ ಒಂದೊಂದು ಜಾಸ್ತಿ ಆದಂತೆ ಯಾವುದಾದರೂ ಗುಂಪು ಒಡೆಯಬೇಕು, ಇಲ್ಲದಿದ್ದರೆ ಒಡೆಯುವುದು ಅಲ್ಲಿಗೇ ನಿಂತಿತು. N ಗುಂಪಿಗಿಂತ ಜಾಸ್ತಿ ಆಗುವಂತಿಲ್ಲ, ಹಾಗಾಗಿ ಒಡೆಯುವುದು N-2 ಸಲ ಮಾತ್ರ. ನಮ್ಮ ಲೆಕ್ಕದಲ್ಲಿ 3 ಮತ್ತು 6 ಸೇರಿ 9, ಅಂದರೆ ಮಿತಿ 7. ಅವಳ ತಪ್ಪು ಸರಿಯಾಗಿ ಆ ಗಡಿಯ ಮೇಲೇ ಕೂತಿತ್ತು. ಅಷ್ಟುದ್ದದವರೆಗಿನ ಎಲ್ಲವನ್ನೂ ಹಾಕಿ ನೋಡುತ್ತೀರಾದರೆ ನಿಮ್ಮ ದಾರಿಯೂ ಸರಿಯೇ. ಆದರೆ ತಲಾ 20 ಸ್ಟೇಟ್ ಇರುವ ಎರಡು ಯಂತ್ರ ಕೊಟ್ಟರೆ 38 ಅಕ್ಷರದವರೆಗೆ ಹೋಗಬೇಕು. ಅಂದರೆ ಸುಮಾರು 55 ಸಾವಿರ ಕೋಟಿ ಸ್ಟ್ರಿಂಗ್. ಜೋಡಿಗಳು ಎಷ್ಟು? ಹೆಚ್ಚೆಂದರೆ 400.

ಅದನ್ನೂ ಕಡಿಮೆ ಮಾಡಬಹುದು. 1971ರಲ್ಲಿ ಹಾಪ್‌ಕ್ರಾಫ್ಟ್ ಮತ್ತು ಕಾರ್ಪ್ ತೋರಿಸಿದ ದಾರಿ ಅದು. ಜೋಡಿ ಬರೆದಾಗ ಆ ಎರಡು ಸ್ಟೇಟ್‌ಗಳನ್ನು ಒಂದೇ ಗುಂಪಿಗೆ ಸೇರಿಸಿಬಿಡಿ. ಮುಂದೆ ಬರುವ ಜೋಡಿ ಆಗಲೇ ಒಂದೇ ಗುಂಪಿನಲ್ಲಿದ್ದರೆ ಬಿಟ್ಟು ಮುಂದೆ ಹೋಗಿ. 40 ಸ್ಟೇಟ್‌ಗಳನ್ನು 39 ಸಲಕ್ಕಿಂತ ಜಾಸ್ತಿ ಸೇರಿಸಲು ಆಗುವುದೇ ಇಲ್ಲ. ಆ ಹುಡುಗಿಯ ಲೆಕ್ಕದಲ್ಲಿ ಏಳು ಸಲ ಸೇರಿಸಿದೆ, ಎಂಟನೇ ಜೋಡಿಯಲ್ಲಿ ತಪ್ಪು ಸಿಕ್ಕಿತು. ಬಾಣ ಸರಿಯಿದ್ದಿದ್ದರೆ ಆರು ಸಲಕ್ಕೇ ಕೆಲಸ ಮುಗಿದು, ಮೂರು ಗುಂಪು ಉಳಿಯುತ್ತಿದ್ದವು.

ಎರಡು ಎಚ್ಚರಿಕೆ. ಬಾಣ ಬಿಟ್ಟುಹೋದ ಚಿತ್ರದಲ್ಲಿ ಮೊದಲು ಒಳಗೆ ಹೋದರೆ ಹೊರಗೆ ಬರಲಾಗದ, ಫೈನಲ್ ಅಲ್ಲದ ಒಂದು ಟ್ರ್ಯಾಪ್ ಸ್ಟೇಟ್ ಹಾಕಿ ಎಲ್ಲ ಬಾಣ ತುಂಬಿಸಿ, ಇಲ್ಲದಿದ್ದರೆ ಜೋಡಿ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಇದು ಡಿಎಫ್‌ಎ ಮಾತು. ಒಂದೇ ಅಕ್ಷರಕ್ಕೆ ಹಲವು ಬಾಣ ಇರಬಹುದಾದ ಎನ್‌ಎಫ್‌ಎ ಕೊಟ್ಟರೆ ಮೊದಲು ಡಿಎಫ್‌ಎ ಮಾಡಬೇಕು, ಆಗ n ಸ್ಟೇಟ್ 2ರ n ಘಾತದಷ್ಟು ಆಗಬಹುದು.

ಯಾರೂ ಕೇಳದ ಪ್ರಶ್ನೆ ಒಂದಿದೆ, ನನಗೆ ಅದೇ ಇಷ್ಟ. ಎರಡೂ ಒಂದೇ ಅಲ್ಲ ಅಂತ ಗೊತ್ತಾಯಿತು, ಸರಿ. ಎಷ್ಟು ಸ್ಟ್ರಿಂಗ್‌ಗಳಲ್ಲಿ ಬೇರೆ? ಕೆಲವೇ ಕೆಲವಾ, ಲೆಕ್ಕವಿಲ್ಲದಷ್ಟಾ?

ಜೋಡಿಗಳ ಅದೇ ಚಿತ್ರ ಸಾಕು. ಜಗಳದ ಜೋಡಿಗಳನ್ನೇ ಫೈನಲ್ ಅಂದುಕೊಳ್ಳಿ. ಆಗ ಅದು ವ್ಯತ್ಯಾಸಗಳ ಭಾಷೆಯ ಯಂತ್ರ. ಫೈನಲ್‌ಗೆ ದಾರಿಯೇ ಇಲ್ಲದಿದ್ದರೆ ಭಾಷೆ ಖಾಲಿ, ಅಂದರೆ ಎರಡೂ ಒಂದೇ. ದಾರಿ ಇದೆ, ಆ ದಾರಿಯಲ್ಲಿ ಎಲ್ಲೂ ಸುತ್ತು ಇಲ್ಲ ಅಂದರೆ ವ್ಯತ್ಯಾಸ ಕೆಲವೇ. ಶುರುವಿನಿಂದ ಮುಟ್ಟಬಹುದಾದ, ಅಲ್ಲಿಂದ ಜಗಳಕ್ಕೆ ಹೋಗಬಹುದಾದ ಜಾಗದಲ್ಲಿ ಒಂದು ಸುತ್ತು ಸಿಕ್ಕರೂ ಸಾಕು, ಅನಂತ. ಆ ಹುಡುಗಿಯ ಚಿತ್ರದಲ್ಲಿ (p0,q0) ಮೇಲೇ b ಸುತ್ತು ಇದೆ. ಶುರುವಿನಲ್ಲಿ ಎಷ್ಟು b ಬೇಕಾದರೂ ಸೇರಿಸಿ, aaaaaba ಜಗಳ ಹಾಗೇ ಇರುತ್ತದೆ.

ಅದೇ ಟೆಸ್ಟ್‌ನಲ್ಲಿ ಒಬ್ಬ ಹುಡುಗ s ಅಂತ ಬೇರೆಯೇ ಆರಂಭದ ಸ್ಟೇಟ್ ಹಾಕಿದ್ದ. a ಬಂದರೆ p1ಗೆ, b ಬಂದರೆ p0ಗೆ, ಆಮೇಲೆ ಎಲ್ಲ ನನ್ನ ಹಾಗೇ. s ಮಾತ್ರ ಫೈನಲ್ ಮಾಡಿರಲಿಲ್ಲ. ಅವನ ಚಿತ್ರದಲ್ಲಿ ಜಗಳದ ಜೋಡಿ ಒಂದೇ, (p0,s), ಅದೂ ಮೊದಲ ಹೆಜ್ಜೆಗೇ. ಅದಕ್ಕೆ ಮರಳಿ ಬರುವ ಬಾಣವಿಲ್ಲ. ಉಳಿದ ಜೋಡಿಗಳಲ್ಲಿ ಸುತ್ತುಗಳು ಬೇಕಾದಷ್ಟಿವೆ, ಆದರೆ ಅಲ್ಲಿಂದ ಜಗಳಕ್ಕೆ ದಾರಿ ಇಲ್ಲ, ಹಾಗಾಗಿ ಅವು ಲೆಕ್ಕಕ್ಕೆ ಬರುವುದಿಲ್ಲ. ಸುತ್ತು ಕಂಡ ತಕ್ಷಣ ಅನಂತ ಅಂತ ಬರೆಯುವವರು ಎಡವುವುದು ಇಲ್ಲೇ. ಅವನು ಕಳೆದುಕೊಂಡದ್ದು ಖಾಲಿ ಸ್ಟ್ರಿಂಗ್ ಒಂದನ್ನೇ. ಪೆನ್ ಅವನ ಕೈಗೇ ಕೊಟ್ಟು, s ಸುತ್ತ ಇನ್ನೊಂದು ವೃತ್ತ ಹಾಕು ಅಂದೆ. ಹಾಕಿದ.