ಟ್ರೆಂಟೊದಲ್ಲಿ ಒಂದು ದಿನ, ರೋಮಿನಲ್ಲಿ ಒಂದು ಸಂಜೆ

ವೆರೋನಾದಲ್ಲಿ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಟ್ರೆಂಟೊ. ನಿಲ್ದಾಣದಿಂದ ಪ್ರಧಾನ ಚರ್ಚಿಗೆ ನಡೆದೇ ಹೋಗಬಹುದು. ದಾರಿಯುದ್ದಕ್ಕೂ ಬೆಟ್ಟಗಳನ್ನು ನೋಡುತ್ತಾ ಬಂದಾಗ, ಕ್ಯಾಥೋಲಿಕ್ ಚರ್ಚಿನ ವಿರುದ್ಧ ಲೂಥರ್ ಎಬ್ಬಿಸಿದ ಬಂಡಾಯಕ್ಕೆ ಉತ್ತರ ಹುಡುಕಲು ಸೇರಿದ ಬಿಷಪರ ಮಹಾಸಭೆಗೆ ಈ ಸಣ್ಣ ಊರನ್ನೇ ಏಕೆ ಆರಿಸಿಕೊಂಡರು ಎಂದು ಅನಿಸದಿರದು. ಜರ್ಮನ್ ನಾಡುಗಳನ್ನು ಆಳುತ್ತಿದ್ದ ಚಕ್ರವರ್ತಿ ಐದನೇ ಚಾರ್ಲ್ಸ್‌ಗೆ ಸಭೆ ತನ್ನ ಸಾಮ್ರಾಜ್ಯದೊಳಗೆ ನಡೆಯಬೇಕಿತ್ತು. ಪೋಪ್ ಮೂರನೇ ಪಾಲ್‌ಗೆ ಅದು ರೋಮಿನ ಕೈಮೀರಿ ಹೋಗಬಾರದಿತ್ತು. ಟ್ರೆಂಟೊ ಸಾಮ್ರಾಜ್ಯಕ್ಕೆ ಸೇರಿದ್ದರೂ ಊರಿನ ಮಾತು ಇಟಾಲಿಯನ್. ಹಾಗಾಗಿ ಇಬ್ಬರೂ ಒಪ್ಪಿದರು.

ಚರ್ಚಿನೊಳಗೆ ಮಹಾಸಭೆಯ ಆಸನಗಳನ್ನು ಹುಡುಕಬೇಡಿ, ಒಂದೂ ಉಳಿದಿಲ್ಲ. ಪಕ್ಕದ ಪ್ರಾರ್ಥನಾಲಯದಲ್ಲಿರುವ ಮರದ ಶಿಲುಬೆಯ ಮುಂದೆ ನಿಲ್ಲಿ. ಸಭೆಯ ನಿರ್ಣಯಗಳನ್ನು ಓದಿ ಘೋಷಿಸಿದ್ದು ಅದರ ಎದುರಿನಲ್ಲಿ. ಬಿಷಪರು ಅರ್ಧವೃತ್ತಾಕಾರದಲ್ಲಿ ಕುಳಿತ ಚಿತ್ರಗಳು ಬೇಕಿದ್ದರೆ ಪಕ್ಕದ ಧರ್ಮಪ್ರಾಂತ್ಯದ ವಸ್ತುಸಂಗ್ರಹಾಲಯಕ್ಕೆ ಹೋಗಿ. ವಾರದ ರಜೆ ಯಾವಾಗ ಎಂದು ಮೊದಲೇ ವಿಚಾರಿಸಿಕೊಳ್ಳಿ. ಮಧ್ಯಾಹ್ನ ಇಲ್ಲಿನ ಹಲವು ಚರ್ಚುಗಳ ಬಾಗಿಲು ಮುಚ್ಚಿರುತ್ತದೆ.

1545ರ ಡಿಸೆಂಬರಿನಲ್ಲಿ ಸಭೆ ಆರಂಭವಾದಾಗ ಬಂದಿದ್ದವರು ಸುಮಾರು ಮೂವತ್ತು ಮಂದಿ. 1547ರಲ್ಲಿ ಸಾಂಕ್ರಾಮಿಕ ಜ್ವರದ ಭಯ ಹಬ್ಬಿ ಸಭೆ ಬೊಲೋನ್ಯಾಕ್ಕೆ ಹೋಯಿತು. 1552ರಲ್ಲಿ ಪ್ರೊಟೆಸ್ಟಂಟ್ ಸೇನೆ ಹತ್ತಿರ ಬಂದಾಗ ಮತ್ತೆ ನಿಂತುಹೋಯಿತು, ಹತ್ತು ವರ್ಷ ಸೇರಲೇ ಇಲ್ಲ. ಮುಗಿದದ್ದು 1563ರಲ್ಲಿ. ಆ ವರ್ಷದ ನಿರ್ಣಯಗಳಲ್ಲಿ ನನಗೆ ಮುಖ್ಯವೆನಿಸಿದ್ದು ಪಾದ್ರಿಗಳ ತರಬೇತಿಗೆ ಪ್ರತಿ ಬಿಷಪರೂ ಸೆಮಿನರಿ ತೆರೆಯಬೇಕೆಂಬುದು. ಓದು ಬರಹ ಸರಿಯಾಗಿ ಬಾರದ ಪಾದ್ರಿಯಿಂದ ಲೂಥರನ ಪ್ರಶ್ನೆಗೆ ಉತ್ತರ ಬರುವುದು ಹೇಗೆ?

ಆದರೆ ಇದನ್ನೆಲ್ಲ ಜನರ ಬಳಿಗೆ ಒಯ್ದವರನ್ನು ನೋಡಲು ರೋಮಿಗೇ ಹೋಗಬೇಕು. 1540ರಲ್ಲಿ ಪೋಪರ ಒಪ್ಪಿಗೆ ಪಡೆದ ಜೆಸ್ವಿಟ್ ಪಾದ್ರಿಗಳ ಸಂಘವಾದ ಯೇಸು ಸಭೆಯ ಇಬ್ಬರು, ಲೈನೆಸ್ ಮತ್ತು ಸಾಲ್ಮೆರಾನ್, ಟ್ರೆಂಟೊದ ಚರ್ಚೆಗಳಲ್ಲೂ ಕುಳಿತಿದ್ದರು. ಅವರ ಸಂಘದ ಜೆಸು ಚರ್ಚಿನ ಕಟ್ಟಡ 1568ರಲ್ಲಿ ಆರಂಭವಾಯಿತು. ಅಗಲವಾದ ಒಂದೇ ಅಂಕಣ, ನಡುವೆ ಕಂಬಗಳ ಸಾಲಿಲ್ಲ. ಎಲ್ಲಿ ಕುಳಿತರೂ ಪೀಠ ಕಾಣುತ್ತದೆ, ಬೋಧನೆ ಕೇಳಿಸುತ್ತದೆ. ಬೋಧನೆಯೇ ಮುಖ್ಯವಾದ ಸಂಘಕ್ಕೆ ಹೊಂದುವ ವಿನ್ಯಾಸ.

ಸಂಜೆ ಹೋಗಿ. ಐದೂವರೆಯ ಸುಮಾರಿಗೆ ಸಂಘದ ಸ್ಥಾಪಕ ಇಗ್ನೇಷಿಯಸ್‌ನ ಪೀಠದ ಚಿತ್ರ ಕೆಳಗಿಳಿದು ಹಿಂದಿನ ಪ್ರತಿಮೆ ಕಾಣಿಸುತ್ತದೆ. ಪೀಠವನ್ನು ವಿನ್ಯಾಸಗೊಳಿಸಿದ ಆಂಡ್ರಿಯಾ ಪೊಟ್ಜೊ ಹುಟ್ಟಿದ್ದು ಟ್ರೆಂಟೊದಲ್ಲೇ! ಬಲಬದಿಯ ಶಿಲ್ಪಗಳಲ್ಲಿ ಪುಟ್ಟ ದೇವದೂತನೊಬ್ಬ ಪುಸ್ತಕದ ಹಾಳೆ ಹರಿಯುತ್ತಿದ್ದಾನೆ. ಸುಧಾರಕ ಜ್ವಿಂಗ್ಲಿಯ ಪುಸ್ತಕವದು. ಅದನ್ನು ನೋಡಿ ನನಗೆ ಇರುಸುಮುರುಸಾಯಿತು.

ಎದುರಿನ ಬದಿಯ ಪೀಠದಲ್ಲಿ ಫ್ರಾನ್ಸಿಸ್ ಝೇವಿಯರ್‌ನ ಬಲ ಮುಂದೋಳಿದೆ. ಗೋವಾದಲ್ಲಿ ದೇಹವನ್ನು ನೋಡಿದವರು ಮರೆಯದೆ ಅತ್ತ ಹೋಗಿ. ಚರ್ಚಿನ ಪಕ್ಕದ ಕಟ್ಟಡದಲ್ಲಿ ಇಗ್ನೇಷಿಯಸ್ ಬಾಳಿದ ಕೋಣೆಗಳಿವೆ. ಅವುಗಳ ಹೊರಗಿನ ಪಡಸಾಲೆಗೆ ಪೊಟ್ಜೊ ಬರೆದ ಚಿತ್ರಗಳು ತುದಿಯಲ್ಲಿ ನಿಂತರೆ ಸೊಟ್ಟಗೆ ಕಾಣುತ್ತವೆ. ನೆಲದ ನಡುವಿನ ಗುರುತಿನ ಮೇಲೆ ನಿಂತು ನೋಡಿ.