ಚಾರ್ಟರಿನ ಮೂರನೆಯ ಕರಡು

ಹುಬ್ಬಳ್ಳಿ, 12 ಜೂನ್ 2024, ಬುಧವಾರ

ಇಂದು ಬೆಳಗಿನಿಂದ ತಾರಿಹಾಳದ ನಮ್ಮ ಕಾರ್ಖಾನೆಯ ಸ್ಟೋರ್ಸ್‌ನಲ್ಲಿಯೇ ಕುಳಿತಿದ್ದೆ. ಬೇಕಾದ ವಸ್ತುವಿಗಾಗಿ ವಿಭಾಗದವರು ಇಂಡೆಂಟ್ ಬರೆಯುವಲ್ಲಿಂದ ಪೂರೈಕೆದಾರರಿಗೆ ಪರ್ಚೇಸ್ ಆರ್ಡರ್ ಹೊರಡುವವರೆಗಿನ ಕೆಲಸವನ್ನು ಆಗಸ್ಟ್ 1ರಿಂದ ಹೊಸ ಸಾಫ್ಟ್‌ವೇರಿಗೆ ಒಪ್ಪಿಸಬೇಕಾಗಿದೆ. ಅದಕ್ಕೆ ಮುನ್ನ, ಯೋಜನೆಯ ಗುರಿ, ವ್ಯಾಪ್ತಿ, ಹೊಣೆಗಳನ್ನು ಬರೆದಿಡುವ ಪ್ರಾಜೆಕ್ಟ್ ಚಾರ್ಟರಿಗೆ ಸಹಿ ಬೀಳಬೇಕು. ನನ್ನ ಎರಡು ಕರಡುಗಳು ಈಗಾಗಲೇ ಹಿಂದಿರುಗಿವೆ, ಹಿಂದಿರುಗಿದ್ದು ನ್ಯಾಯವೇ ಆಗಿತ್ತು. ಯಶಸ್ಸಿನ ಮಾನದಂಡವೆಂದು ನಾನು ಬರೆದಿದ್ದ ‘ಖರೀದಿ ಕೆಲಸ ಚುರುಕಾಗುವುದು’ ಎಂಬ ಮಾತನ್ನು ನವೆಂಬರಿನಲ್ಲಿ ಯಾರೂ ಅಳೆದು ನೋಡಲಾರರು.

ಆದ್ದರಿಂದ ಈಗಿನ ಸ್ಥಿತಿಯನ್ನೇ ಮೊದಲು ಅಳೆಯಲು ಕುಳಿತೆ. ಏಪ್ರಿಲ್ ತಿಂಗಳಲ್ಲಿ ಬರೆದ 60 ಇಂಡೆಂಟುಗಳನ್ನು ತೆಗೆದು, ಇಂಡೆಂಟ್ ಬರೆದ ದಿನ, ವಿಭಾಗದ ಮುಖ್ಯಸ್ಥರು ಸಹಿ ಮಾಡಿದ ದಿನ, ಕಾರ್ಖಾನೆಯ ಮುಖ್ಯಸ್ಥರು ಮಂಜೂರು ಮಾಡಿದ ದಿನ ಮತ್ತು ಆರ್ಡರ್ ಹೊರಟ ದಿನ, ಈ ನಾಲ್ಕನ್ನೂ ಸಾಲಾಗಿ ಗುರುತು ಹಾಕಿಕೊಂಡೆ. ಏಪ್ರಿಲ್‌ನಲ್ಲಿ ಪೂರ್ಣಗೊಂಡವನ್ನಲ್ಲ, ಏಪ್ರಿಲ್‌ನಲ್ಲಿ ಬರೆದವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ: ಪೂರ್ಣಗೊಂಡವನ್ನಷ್ಟೇ ಎಣಿಸಿದರೆ ಎಲ್ಲೋ ಸಿಕ್ಕಿಬಿದ್ದ ಕಾಗದಗಳು ಲೆಕ್ಕದಿಂದಲೇ ಜಾರಿಹೋಗುತ್ತವೆ. ಈ ಅರವತ್ತರಲ್ಲಿ ನಾಲ್ಕಕ್ಕೆ ಇಂದಿಗೂ ಆರ್ಡರ್ ಆಗಿಲ್ಲ. ಅವುಗಳ ದಿನಗಳ ಲೆಕ್ಕ ಮುಗಿಯದಿರುವುದರಿಂದ ಸರಾಸರಿ ತೆಗೆಯಲು ಬರುವುದಿಲ್ಲ. ಅವನ್ನು ಸಾಲಿನ ಕೊನೆಗೆ ನಿಲ್ಲಿಸಿ, ಸಾಲಿನ ನಟ್ಟನಡುವಿನ ಸಂಖ್ಯೆಯಾದ ಮಧ್ಯಾಂಕವನ್ನು ತೆಗೆಯಬಹುದು. ಅದು 9 ದಿನ ಬಂತು.

ಆ ಒಂಬತ್ತು ದಿನ ಎಲ್ಲಿ ಕಳೆಯುತ್ತವೆ ಎಂಬುದು ದಿನಾಂಕಗಳಲ್ಲೇ ಕಾಣುತ್ತಿತ್ತು. ಖರೀದಿ ವಿಭಾಗಕ್ಕೆ ಮುಟ್ಟಿದ ಕಾಗದ ಹೆಚ್ಚಾಗಿ ಎರಡು ದಿನಗಳಲ್ಲಿ ಆರ್ಡರ್ ಆಗುತ್ತದೆ. ಉಳಿದ ಕಾಲದ ಬಹುಪಾಲು ಕೊನೆಯ ಸಹಿಗಾಗಿ ಕಾಯುವುದರಲ್ಲಿಯೇ ಹೋಗುತ್ತದೆ. ಕೆಂಪು ಬಟ್ಟೆಯ ರಟ್ಟಿನ ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ ಸ್ಟೋರ್‌ಕೀಪರ್ ಕಾಕಾ ಹೇಳಿದರು: “ನೋಡ್ರಿ ಸರ್, ಇನ್ನೂರು ರೂಪಾಯಿ ಕಾಟನ್ ವೇಸ್ಟಿಗೂ ಸಾಹೇಬ್ರ ಸಹಿನ ಬೇಕ್ರಿ.” ಅರವತ್ತರಲ್ಲಿ 43 ಇಂಡೆಂಟುಗಳು ಹತ್ತು ಸಾವಿರ ರೂಪಾಯಿಗಿಂತ ಕಡಿಮೆಯವು. ಇದೇ ನಿಯಮವನ್ನು ಇದ್ದಂತೆಯೇ ಸಾಫ್ಟ್‌ವೇರಿಗೆ ಇಳಿಸಿದರೆ, ಮೇಜಿನ ಮೇಲೆ ಕಾಯುತ್ತಿದ್ದ ಕಾಗದ ಪರದೆಯ ಮೇಲೆ ಕಾಯುತ್ತದೆ, ಅಷ್ಟೇ.

ಯೋಜನೆಯ ಬೆನ್ನಿಗೆ ನಿಂತು ತೀರ್ಮಾನ ಕೊಡಬೇಕಾದ ಸ್ಪಾನ್ಸರ್ ಯಾರೆಂಬ ಪ್ರಶ್ನೆಗೂ ಇಲ್ಲಿಯೇ ಉತ್ತರ ದೊರಕಿತು. ಮೊದಲ ಕರಡಿನಲ್ಲಿ ‘ಆಡಳಿತ ಮಂಡಳಿ’ ಎಂದೂ ಎರಡನೆಯದರಲ್ಲಿ ಐಟಿ ವಿಭಾಗದ ಮುಖ್ಯಸ್ಥರೆಂದೂ ಬರೆದಿದ್ದೆ. ಮಂಡಳಿಯನ್ನು ಫೋನಿನಲ್ಲಿ ಕರೆದು ತೀರ್ಮಾನ ಕೇಳಲಾಗುವುದಿಲ್ಲ. ಸಹಿಯ ಅಧಿಕಾರವನ್ನು ಕೆಳಗಿಳಿಸುವ ಹಕ್ಕು ಐಟಿ ಮುಖ್ಯಸ್ಥರಿಗಿಲ್ಲ. ಸ್ಟೋರ್ಸ್, ಉತ್ಪಾದನೆ, ಖರೀದಿ ಮೂರೂ ಯಾರ ಕೈಕೆಳಗಿವೆಯೋ, ಈ ಯೋಜನೆಯ ಖರ್ಚು ಯಾರ ಬಜೆಟ್ಟಿನಿಂದ ಬರುತ್ತದೆಯೋ, ಆ ಜನರಲ್ ಮ್ಯಾನೇಜರರೇ ಸ್ಪಾನ್ಸರ್ ಆಗಬೇಕು. ಮಧ್ಯಾಹ್ನ ಅವರ ಮುಂದೆ ದಿನಾಂಕಗಳ ಹಾಳೆಯನ್ನು ಇಟ್ಟೆ. ಹತ್ತು ಸಾವಿರದವರೆಗೆ ವಿಭಾಗದ ಮುಖ್ಯಸ್ಥರ ಸಹಿಯೇ ಸಾಕೆಂದು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ದೊಡ್ಡ ಖರೀದಿಯನ್ನು ಎರಡು ಸಣ್ಣ ಇಂಡೆಂಟುಗಳಾಗಿ ಒಡೆದು ಮಿತಿಯೊಳಗೆ ತೂರಿಸದಂತೆ, ಒಂದೇ ವಾರದಲ್ಲಿ ಒಂದೇ ವಸ್ತುವಿಗೆ ಬಂದ ಇಂಡೆಂಟುಗಳ ಪಟ್ಟಿ ಪ್ರತಿ ಸೋಮವಾರ ಅವರಿಗೆ ತಲುಪಬೇಕು. ಆ ಪಟ್ಟಿ ನನಗೆ ಹೊಳೆದಿರಲಿಲ್ಲ; ಈಗ ಅದು ವ್ಯಾಪ್ತಿಯೊಳಗೆ ಸೇರಿದೆ.

ವ್ಯಾಪ್ತಿಯಿಂದ ಹೊರಗಿಟ್ಟವನ್ನೂ ಹೆಸರು ಹಿಡಿದು ಬರೆದೆ: ಧಾರವಾಡದ ಬೇಲೂರು ಘಟಕದ ಸ್ಟೋರ್ಸ್, ಮತ್ತು ಪೂರೈಕೆದಾರರಿಗೆ ಹಣ ಪಾವತಿ. ವಸ್ತುಗಳ ಪಟ್ಟಿಯನ್ನು ಶುದ್ಧಗೊಳಿಸುವ ಕೆಲಸ ಮಾತ್ರ ಒಳಗಿದೆ. ಈಗಿನ ಪಟ್ಟಿಯಲ್ಲಿ `BRG 6205`, `6205 ZZ`, `BEARING 6205 2RS` ಎಂಬ ಮೂರು ನಮೂದುಗಳಿವೆ. ಅಳತೆ ಒಂದೇ ಆದರೂ ಎರಡನೆಯದಕ್ಕೆ ಲೋಹದ ಮುಚ್ಚಳ, ಮೂರನೆಯದಕ್ಕೆ ರಬ್ಬರಿನ ಸೀಲು ಇರುತ್ತದೆ. ಮೊದಲನೆಯ ನಮೂದು ಯಾವುದನ್ನು ಸೂಚಿಸುತ್ತದೆ ಎಂಬುದನ್ನು ನಿರ್ವಹಣಾ ವಿಭಾಗದ ಇಂಜಿನಿಯರರೇ ತೀರ್ಮಾನಿಸಬೇಕು. ಅವರ ಎರಡು ವಾರಗಳ ಸಮಯವನ್ನು ಚಾರ್ಟರಿನಲ್ಲಿಯೇ ಕೇಳಿಕೊಂಡಿದ್ದೇನೆ.

ಮಾನದಂಡದ ವಾಕ್ಯವನ್ನು ಸಂಜೆ ಹೀಗೆ ತಿದ್ದಿದೆ: ‘ಅಕ್ಟೋಬರ್ ತಿಂಗಳಲ್ಲಿ ಬರೆದ ಎಲ್ಲ ಇಂಡೆಂಟುಗಳಲ್ಲಿ, ಬರೆದ ದಿನದಿಂದ ಆರ್ಡರ್ ಹೊರಡುವವರೆಗಿನ ಮಧ್ಯಾಂಕವು 4 ದಿನ ಅಥವಾ ಅದಕ್ಕಿಂತ ಕಡಿಮೆ ಇರತಕ್ಕದ್ದು, ಎಣಿಕೆಯನ್ನು ಆಂತರಿಕ ಲೆಕ್ಕಪರಿಶೋಧನೆಯವರು ಮಾಡತಕ್ಕದ್ದು.’ ಮಾಲು ತಡವಾಗಿ ಬರುವುದು ಈ ಲೆಕ್ಕಕ್ಕೆ ಸೇರದು, ಏಕೆಂದರೆ ಪೂರೈಕೆದಾರರ ವಿಳಂಬವನ್ನು ಈ ಸಾಫ್ಟ್‌ವೇರ್ ಸರಿಪಡಿಸಲಾರದು.

ಹೊರಡುವಾಗ ಕಾಕಾ, ರಿಜಿಸ್ಟರನ್ನೂ ಜೊತೆಗೆ ಬರೆಯುತ್ತಲೇ ಇರೋಣವೇ ಎಂದು ಕೇಳಿದರು. ಅವರ ಅಂಜಿಕೆ ನನಗೆ ಅರ್ಥವಾಗುತ್ತದೆ, ಆದರೆ ಎರಡೂ ನಡೆಯುತ್ತಿದ್ದರೆ ತುರ್ತಿನ ಕಾಗದಗಳೆಲ್ಲ ರಿಜಿಸ್ಟರಿಗೇ ಹೋಗುತ್ತವೆ. ಆಗಸ್ಟ್ 31ರವರೆಗೆ ಬರೆಯಬಹುದು, ಆ ದಿನ ಕೊನೆಯ ನಮೂದಿನ ಕೆಳಗೆ ಗೆರೆ ಎಳೆದು ಜನರಲ್ ಮ್ಯಾನೇಜರರು ಸಹಿ ಮಾಡುತ್ತಾರೆ ಎಂದು ಹೇಳಿ, ಅದನ್ನೂ ಕರಡಿನಲ್ಲಿ ಸೇರಿಸಿದೆ.