ಅಲರ್ಜಿ ಸಾಲನ್ನು ನಂಬಿ ಕೂರಬೇಡಿ

ಪ್ರವಾಸಕ್ಕೆ ಹೊರಟ ಗೆಳತಿ ಜಪಾನಿನ ಆಲೂ ಚಿಪ್ಸ್ ಪ್ಯಾಕೆಟ್ಟಿನ ಹಿಂಬದಿಯ ಫೋಟೋ ಕಳಿಸಿದ್ದಳು. "ಅಲರ್ಜಿ ಸಾಲಿನಲ್ಲಿ ಗೋಧಿ, ಸೋಯಾ, ಹಾಲು ಅಷ್ಟೇ ಇದೆಯಂತೆ. ತಿನ್ನಬಹುದಲ್ವಾ?" ಅವಳು ಮೀನು, ಮಾಂಸ, ಮೊಟ್ಟೆ ಯಾವುದನ್ನೂ ಮುಟ್ಟುವುದಿಲ್ಲ.

ನಾನು ಪದಾರ್ಥಗಳ ಪಟ್ಟಿಯನ್ನು ಮೊದಲಿನಿಂದ ಓದಿದೆ. ಅಲ್ಲಿ ತೂಕದಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಆಲೂಗಡ್ಡೆ, ಎಣ್ಣೆ, ಉಪ್ಪು, ಸೋಯಾ ಸಾಸಿನ ಪುಡಿ. ಇಲ್ಲಿತನಕ ತೊಂದರೆಯಿಲ್ಲ. ಆಮೇಲೆ ಕತ್ಸುಒ ಪುಡಿ, ಅಂದರೆ ಒಣಗಿಸಿದ ಬೊನಿಟೊ ಮೀನು. ನಂತರ ಒಂದು ಓರೆಗೆರೆ. ಅದರಾಚೆಗಿನದೆಲ್ಲ ಸೇರ್ಪಡೆಗಳು, ರುಚಿವರ್ಧಕ, ಬಣ್ಣ ಇಂಥವು. ಕೊನೆಯ ಆವರಣದಲ್ಲಿ ಅವಳು ನೋಡಿದ ಆ ಅಲರ್ಜಿ ಸಾಲು.

ಮೀನು ಆ ಸಾಲಿಗೆ ಯಾಕೆ ಬರಲಿಲ್ಲ? ಜಪಾನಿನ ಅಲರ್ಜಿ ಪಟ್ಟಿಯಲ್ಲಿ ಸೀಗಡಿ, ಏಡಿ ಇವೆ, ಸಾಲ್ಮನ್ ಇದೆ, ಆದರೆ ಬೊನಿಟೊ ಇಲ್ಲ. ಕೋಳಿ, ಹಂದಿ, ಜೆಲಾಟಿನ್ ಹೆಸರುಗಳಿದ್ದರೂ ಅವನ್ನು ಬರೆಯಿರಿ ಎನ್ನುವುದು ಬರೀ ಶಿಫಾರಸು, ಕಡ್ಡಾಯವಲ್ಲ. ಆ ಸಾಲು ಇರುವುದು ಅಲರ್ಜಿ ಇದ್ದವರಿಗೆ, ಸಸ್ಯಾಹಾರಿಗಳಿಗಲ್ಲ. ಅದರಲ್ಲಿ ಕೋಳಿ ಕಂಡರೆ ಪ್ಯಾಕೆಟ್ ಬಿಡಬಹುದು, ಕಾಣದಿದ್ದರೆ ಏನೂ ಸಾಬೀತಾಗುವುದಿಲ್ಲ.

ಪೂರ್ತಿ ಪಟ್ಟಿ ಓದಿದರೂ ಕೆಲವು ಬಿಡಿಸಲಾಗದವು ಉಳಿಯುತ್ತವೆ. 'ಪ್ರೋಟೀನ್ ಹೈಡ್ರೊಲೈಸೇಟ್' ಸೋಯಾದ್ದೂ ಇರಬಹುದು, ಪ್ರಾಣಿಯದ್ದೂ ಇರಬಹುದು. ಅಂಥದ್ದು ಕಂಡರೆ ನಾನು "ಗೊತ್ತಾಗಲ್ಲ" ಅಂತಲೇ ಹೇಳುತ್ತೇನೆ, ಸುಮ್ನೆ ಧೈರ್ಯ ತುಂಬುವುದಿಲ್ಲ. ಬರೀ ಉಪ್ಪಿನ ಚಿಪ್ಸ್‌ನಲ್ಲೂ ಕೋಳಿಯ ಸಾರದ ಪುಡಿ ಇರುವುದುಂಟು!

ಅವಳು ಇನ್ನೊಂದು ಪ್ಯಾಕೆಟ್ಟಿನ ಫೋಟೋ ಹಾಕಿದಳು. ಅಕ್ಕಿ, ಎಣ್ಣೆ, ಉಪ್ಪು, ಅಷ್ಟೇ. "ಇದನ್ನ ತಗೋ" ಅಂದೆ.